ಸ್ಪೇನಿನ ರಸ್ತೆ ಫಲಕಗಳು: ಚಿಹ್ನೆ ತಿಳಿಯುತ್ತದೆ, ಅದರ ಕೆಳಗಿನ ಬರಹ ತಿಳಿಯುವುದಿಲ್ಲ

ದೂರದಾರಿ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾನು, ನನ್ನ ಹೆಂಡತಿ ಮತ್ತು ಅಪ್ಪ ಅಮ್ಮ ಒಂಬತ್ತು ದಿನಗಳ ಮಟ್ಟಿಗೆ ದಕ್ಷಿಣ ಸ್ಪೇನಿಗೆ ಹೊರಟಿದ್ದೇವೆ. ಮಾಲಗಾದಲ್ಲಿ ಇಳಿದು, ಅಲ್ಲಿಯೇ ಬಾಡಿಗೆ ಕಾರು ಪಡೆದು, ಗ್ರನಾಡಾ, ಕೊರ್ಡೋಬಾ ಮತ್ತು ಸೆವಿಲ್ಲೆ ನೋಡಿಕೊಂಡು ಮರಳಿ ಮಾಲಗಾಕ್ಕೆ ಬರುವ ಯೋಜನೆ ಇದೆ. ಬಲಬದಿಯಲ್ಲಿ ಓಡಿಸುವ ಅಭ್ಯಾಸ ನನಗೆ ಮಸ್ಕತ್ತಿನಲ್ಲಿದ್ದಾಗ ಆಗಿದೆ, ಆದ್ದರಿಂದ ಅದರ ಬಗ್ಗೆ ಆತಂಕವಿಲ್ಲ. ಕೆಂಪು ವೃತ್ತ, ತಲೆಕೆಳಗಾದ ತ್ರಿಕೋನ ಮುಂತಾದ ಚಿಹ್ನೆಗಳೂ ಗೊತ್ತಿವೆ. ನನ್ನ ತೊಡಕು ಬೇರೆ. ಅಂತರ್ಜಾಲದಲ್ಲಿ ಅಲ್ಲಿನ ಬೀದಿಗಳ ಚಿತ್ರ ನೋಡುತ್ತಿದ್ದಾಗ, ಬಹುತೇಕ ಪ್ರತಿ ಚಿಹ್ನೆಯ ಕೆಳಗೂ ಒಂದು ಸಣ್ಣ ಆಯತಾಕಾರದ ಹಲಗೆ ಇದ್ದು, ಅದರಲ್ಲಿ ಎರಡು ಮೂರು ಸಾಲು ಸ್ಪ್ಯಾನಿಷ್ ಬರಹ ಇರುವುದು ಕಂಡಿತು. ಆ ಬರಹ ಮೇಲಿನ ಚಿಹ್ನೆಯ ಆಜ್ಞೆಯನ್ನು ಎಷ್ಟರಮಟ್ಟಿಗೆ ಬದಲಿಸುತ್ತದೆ ಎಂಬುದನ್ನು ಅನುಭವಸ್ಥರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಟೆಕ್ಸಾಸ್ ತಮ್ಮಯ್ಯ

ಸ್ಪ್ಯಾನಿಷ್ ಫಲಕಗಳೊಂದಿಗೆ ನಾನು ಸಾಕಷ್ಟು ಗುದ್ದಾಡಿದ್ದೇನೆ, ಆದ್ದರಿಂದ ಹೇಳಬಲ್ಲೆ. ಎಂಟು ಮೂಲೆಯ ಕೆಂಪು ಫಲಕದಲ್ಲಿ 'ಆಲ್ಟೊ' ಎಂದಿದ್ದರೆ ಪೂರ್ತಿ ನಿಲ್ಲಿಸಬೇಕು. ವೃತ್ತದೊಳಗೆ ಇಂಗ್ಲಿಷಿನ 'ಇ' ಅಕ್ಷರಕ್ಕೆ ಅಡ್ಡಗೆರೆ ಎಳೆದಿದ್ದರೆ ಅಲ್ಲಿ ಕಾರು ನಿಲ್ಲಿಸಿ ಹೋಗುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ 'ಟೋಪೆ' ಎಂಬ ಪದವನ್ನು ಕಂಠಪಾಠ ಮಾಡಿಕೊಳ್ಳಿ, ಏಕೆಂದರೆ ಅದು ರಸ್ತೆಯುಬ್ಬು. ಊರಿನ ಬಾಯಿಯಲ್ಲಿ ಬಣ್ಣವೇ ಇಲ್ಲದ ಉಬ್ಬುಗಳಿರುತ್ತವೆ, ನನ್ನ ಕಾರಿನ ಹೊಟ್ಟೆ ಎರಡು ಸಲ ಸವೆದಿದೆ.

ವೆಲೆನ್ಸಿಯಾ ಕನ್ನಡಿಗ

ತಮ್ಮಯ್ಯನವರೇ, ನೀವು ಹೇಳಿದ ಮೂರೂ ಮೆಕ್ಸಿಕೊ ದೇಶಕ್ಕೆ ಸರಿಯಾಗಿವೆ, ಆದರೆ ದೂರದಾರಿಯವರು ಹೋಗುತ್ತಿರುವುದು ಸ್ಪೇನಿಗೆ. ಇಲ್ಲಿ ಎಂಟು ಮೂಲೆಯ ಫಲಕದಲ್ಲಿ ನಮ್ಮ ಊರಿನಂತೆಯೇ 'ಸ್ಟಾಪ್' ಎಂದೇ ಬರೆದಿರುತ್ತದೆ. ವಾಹನ ನಿಲುಗಡೆಗೆ ಇಲ್ಲಿ ಬಳಸುವುದು 'ಪಿ' ಅಕ್ಷರ, 'ಇ' ಅಲ್ಲ. ಸ್ಪೇನಿನ ರಸ್ತೆಯಲ್ಲಿ 'ಆಲ್ಟೊ' ಎಂಬ ಪದ ಕಂಡರೆ ಅದು ಹೆಚ್ಚಾಗಿ ಒಂದು ಘಾಟಿಯ ನೆತ್ತಿಯ ಹೆಸರಾಗಿರುತ್ತದೆ. ಮಾಲಗಾದಿಂದ ಉತ್ತರಕ್ಕೆ ಹತ್ತುವಾಗಲೇ ಪೆಡ್ರಿಸಾಸ್ ಎಂಬ ಘಾಟಿ ಸಿಗುತ್ತದೆ. ಅದನ್ನು ಕೆಲವು ಕಡೆ 'ಆಲ್ಟೊ' ಎಂದೂ ಕೆಲವು ಕಡೆ 'ಪುಯೆರ್ಟೊ' ಎಂದೂ ಕರೆಯುತ್ತಾರೆ. ಪುಯೆರ್ಟೊ ಎಂದರೆ ಬಂದರು ಎಂದು ನಿಘಂಟು ಹೇಳುತ್ತದೆ, ಆದರೆ ಬೆಟ್ಟದ ಮೇಲೆ ಆ ಪದಕ್ಕೆ ಘಾಟಿ ಎಂದೇ ಅರ್ಥ. ಅಲ್ಲಿ ಬ್ರೇಕ್ ಒತ್ತಿ ನಿಲ್ಲಬೇಡಿ.

ಇನ್ನು ಮೂಲ ಪ್ರಶ್ನೆಗೆ ಬರುತ್ತೇನೆ. ಕೆಳಹಲಗೆಯಲ್ಲಿ ಮೊದಲು ಹುಡುಕಬೇಕಾದ ಪದ 'ಎಕ್ಸೆಪ್ಟೊ'. ಅದರ ಅರ್ಥ 'ಹೊರತುಪಡಿಸಿ'. ಕೆಲವು ಕಡೆ ಅದರ ಬದಲು 'ಸಾಲ್ವೊ' ಎಂದಿರುತ್ತದೆ, ಅರ್ಥ ಅದೇ. ಈ ಪದದ ವಿಶೇಷವೆಂದರೆ ಮೇಲಿನ ಚಿಹ್ನೆ ನಿಷೇಧವಾಗಿದ್ದರೆ ಇದು ಬಾಗಿಲು ತೆರೆಯುತ್ತದೆ, ಮೇಲಿನ ಚಿಹ್ನೆ ಅನುಮತಿಯಾಗಿದ್ದರೆ ಇದೇ ಪದ ಬಾಗಿಲು ಹಾಕುತ್ತದೆ. ಎರಡನೆಯ ಪದ 'ಸೊಲೊ', ಅಂದರೆ 'ಮಾತ್ರ'. ಈ ಎರಡರಲ್ಲಿ ಯಾವುದು ಇದೆ ಎಂದು ಗುರುತಿಸದೆ ಉಳಿದ ಪದಗಳ ಅರ್ಥ ಹುಡುಕಿದರೆ ಪ್ರಯೋಜನವಿಲ್ಲ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ನೀಲಿ ವೃತ್ತ, ಕೆಂಪು ಅಂಚು, ನಡುವೆ ಒಂದೇ ಒಂದು ಓರೆ ಕೆಂಪು ಗೆರೆ ಇರುವ ಚಿಹ್ನೆ ಇದೆ ಎಂದುಕೊಳ್ಳಿ. ಅದರ ಅರ್ಥ ವಾಹನ ನಿಲ್ಲಿಸಿ ಹೋಗಬಾರದು ಎಂದು. ಜನರನ್ನು ಇಳಿಸಿ ತಕ್ಷಣ ಹೊರಡಲು ಅಡ್ಡಿಯಿಲ್ಲ. ಗೆರೆಗಳು ಎರಡಾಗಿ ಗುಣಾಕಾರದ ಚಿಹ್ನೆಯಂತೆ ದಾಟಿದ್ದರೆ ಕ್ಷಣಕಾಲ ನಿಲ್ಲುವುದೂ ನಿಷಿದ್ಧ. ಈಗ ಒಂದು ಗೆರೆಯ ಚಿಹ್ನೆಯ ಕೆಳಗೆ 'ಲಬೊರಾಬ್ಲೆಸ್, 8 ಎ 14, ಎಕ್ಸೆಪ್ಟೊ ಕಾರ್ಗಾ ಇ ಡೆಸ್ಕಾರ್ಗಾ' ಎಂದಿದೆ. ಲಬೊರಾಬ್ಲೆಸ್ ಎಂದರೆ ಕೆಲಸದ ದಿನಗಳು. 8 ಎ 14 ಎಂದರೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 2ರವರೆಗೆ. ಕೊನೆಯದು ಸರಕು ಹೇರುವುದು ಮತ್ತು ಇಳಿಸುವುದು. ಅಂದರೆ ಕೆಲಸದ ದಿನಗಳಂದು ಆ ಆರು ಗಂಟೆಗಳ ಕಾಲ ಅಂಗಡಿಗೆ ಸರಕು ತರುವ ವಾಹನಗಳನ್ನು ಬಿಟ್ಟು ಬೇರೆ ಯಾರೂ ಅಲ್ಲಿ ನಿಲ್ಲಿಸುವಂತಿಲ್ಲ. ಮಧ್ಯಾಹ್ನ ಮೂರಕ್ಕೆ ನೀವು ಅಲ್ಲಿ ಕಾರು ನಿಲ್ಲಿಸಬಹುದು, ಭಾನುವಾರ ಇಡೀ ದಿನ ನಿಲ್ಲಿಸಬಹುದು. ಆದರೆ ಸಂಜೆ ನಿಲ್ಲಿಸಿ ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ತಿಂಡಿ ಮುಗಿಸಿ ಬಂದರೆ ಕಾರು ಅಲ್ಲಿ ಇಲ್ಲದಿರಬಹುದು. ಪ್ರವಾಸಿಗರು ಎಡವುವುದು ಹೆಚ್ಚಾಗಿ ಹೀಗೆಯೇ: ನಿಲ್ಲಿಸುವ ಹೊತ್ತಿಗೆ ಫಲಕವನ್ನು ಓದುತ್ತಾರೆ, ಕಾರು ತೆಗೆಯುವ ಹೊತ್ತಿಗೆ ಅದೇ ಫಲಕ ಏನು ಹೇಳುತ್ತದೆ ಎಂದು ಯೋಚಿಸುವುದಿಲ್ಲ.

ಹಲಗೆಯಲ್ಲಿ 'ಗ್ರೂಆ' ಎಂಬ ಪದವೋ ಕಾರನ್ನು ಎಳೆದೊಯ್ಯುವ ಲಾರಿಯ ಚಿತ್ರವೋ ಇದ್ದರೆ ಅದನ್ನು ಬರಿಯ ಬೆದರಿಕೆ ಎಂದು ತಿಳಿಯಬೇಡಿ.

ಕರಿಮೆಣಸು

ವೆಲೆನ್ಸಿಯಾದವರು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಕಳೆದ ವರ್ಷ ಒಂದು ವಾರ ಅಲ್ಲಿ ಓಡಿಸಿದ ಅನುಭವದಿಂದ ಎರಡು ಮಾತು ಸೇರಿಸುತ್ತೇನೆ. ಒಂದನೆಯದು, ಲಬೊರಾಬ್ಲೆಸ್ ಎಂದರೆ ಸೋಮವಾರದಿಂದ ಶುಕ್ರವಾರ, ಆದ್ದರಿಂದ ಶನಿವಾರ ನಿಶ್ಚಿಂತೆಯಿಂದ ನಿಲ್ಲಿಸಿ. ಎರಡನೆಯದು, ರಸ್ತೆಯಂಚಿನಲ್ಲಿ ನೀಲಿ ಗೆರೆ ಇದ್ದರೆ ಹಣ ಕೊಟ್ಟು ನಿಲ್ಲಿಸುವ ಜಾಗ, ಆದರೆ ಮಧ್ಯಾಹ್ನ ಎರಡರಿಂದ ಐದರವರೆಗೆ ಅವರ ಊಟ ಮತ್ತು ವಿಶ್ರಾಂತಿಯ ವೇಳೆ, ಆಗ ಎಲ್ಲ ಕಡೆ ಉಚಿತ. ನಾನು ಒಂದು ಪೈಸೆಯೂ ದಂಡ ಕಟ್ಟಿಲ್ಲ.

ವೆಲೆನ್ಸಿಯಾ ಕನ್ನಡಿಗ

ಕರಿಮೆಣಸು ಅವರೇ, ನಿಮ್ಮ ಅದೃಷ್ಟ ಚೆನ್ನಾಗಿತ್ತು ಎಂದಷ್ಟೇ ಹೇಳಬಲ್ಲೆ. ನೀಲಿ ಗೆರೆಯ ಮಾತು ಅರ್ಧ ಸರಿ. ಅನೇಕ ಊರುಗಳಲ್ಲಿ ಮಧ್ಯಾಹ್ನ ಬಿಡುವು ಇರುವುದು ನಿಜ, ಆದರೆ ಅದು ನಗರಸಭೆಯಿಂದ ನಗರಸಭೆಗೆ ಬದಲಾಗುತ್ತದೆ. ಫಲಕದಲ್ಲಿ '9 ಎ 14' ಮತ್ತು '16 ಎ 20' ಎಂದು ಎರಡು ತುಂಡಾಗಿ ಬರೆದಿದ್ದರೆ ನಡುವೆ ಉಚಿತ. '9 ಎ 20' ಎಂದು ಒಂದೇ ಸಮನೆ ಇದ್ದರೆ ಊಟದ ಹೊತ್ತಿಗೂ ಹಣ ಕೊಡಬೇಕು. ಯಂತ್ರದಿಂದ ಪಡೆದ ಚೀಟಿಯನ್ನು ಮುಂಗಾಜಿನ ಒಳಗೆ, ಹೊರಗಿನಿಂದ ಓದಲು ಬರುವಂತೆ ಇಡಬೇಕು.

ಶನಿವಾರದ ವಿಷಯದಲ್ಲಿ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಸಂಚಾರ ಫಲಕದಲ್ಲಿ ಲಬೊರಾಬ್ಲೆಸ್ ಎಂದರೆ ಸಾಮಾನ್ಯವಾಗಿ ಶನಿವಾರವೂ ಸೇರಿದ ಆರು ದಿನಗಳು. ಶನಿವಾರಕ್ಕೆ ಬೇರೆ ಲೆಕ್ಕ ಇದ್ದರೆ 'ಸಾಬಾಡೊಸ್' ಎಂದು ಪ್ರತ್ಯೇಕ ಸಾಲಿನಲ್ಲಿ ಬರೆಯುತ್ತಾರೆ, ಅಥವಾ 'ಲುನೆಸ್ ಎ ವಿಯೆರ್ನೆಸ್', ಅಂದರೆ ಸೋಮವಾರದಿಂದ ಶುಕ್ರವಾರ ಎಂದು ಸ್ಪಷ್ಟವಾಗಿ ಹೇಳುತ್ತಾರೆ. ಅದರ ಎದುರು ಪದ 'ಫೆಸ್ಟಿವೊಸ್', ಅಂದರೆ ರಜಾದಿನಗಳು.

ಕರಿಮೆಣಸು

ಕ್ಷಮಿಸಿ, ನಾನು ಸುಮ್ಮನೆ ಹೇಳಿದ್ದಲ್ಲ. ಅಲ್ಲಿನ ಸರ್ಕಾರಿ ಕಚೇರಿಗಳ ವ್ಯವಹಾರದಲ್ಲಿ ಶನಿವಾರವನ್ನು ಕೆಲಸದ ದಿನವಾಗಿ ಎಣಿಸುವುದಿಲ್ಲ ಎಂದು 2015ರ ಕಾಯ್ದೆಯೇ ಹೇಳುತ್ತದೆ ಎಂದು ನನ್ನ ಅಲ್ಲಿನ ಸಹೋದ್ಯೋಗಿ ತಿಳಿಸಿದ್ದರು. ಕಚೇರಿಗೆ ಒಂದು ನ್ಯಾಯ, ಬೀದಿಗೆ ಇನ್ನೊಂದು ನ್ಯಾಯವೇ?

ವೆಲೆನ್ಸಿಯಾ ಕನ್ನಡಿಗ

ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ, ಆದರೆ ಆ ಕಾಯ್ದೆ ಅರ್ಜಿ, ಮೇಲ್ಮನವಿ ಇವುಗಳ ಗಡುವನ್ನು ಎಣಿಸುವುದಕ್ಕೆ ಸಂಬಂಧಿಸಿದ್ದು, ಮತ್ತು ಅದು ಬಳಸುವ ಪದ 'ಆಬಿಲ್' ಎಂಬುದು, ಲಬೊರಾಬ್ಲೆ ಅಲ್ಲ. ಇವೆರಡರ ಗೊಂದಲದ ಮೇಲೆ ಇಲ್ಲಿನವರೇ ದಂಡದ ಚೀಟಿ ಹಿಡಿದು ವಾದಿಸುವುದುಂಟು. ಒಂಬತ್ತು ದಿನಗಳಿಗೆ ಬಂದವರು ಆ ವಾದಕ್ಕೆ ಇಳಿಯುವುದಕ್ಕಿಂತ ಶನಿವಾರವೂ ಕೆಲಸದ ದಿನ ಎಂದುಕೊಂಡು ಬೇರೆ ಜಾಗ ಹುಡುಕುವುದು ಲೇಸು.

ಹೊಳೆದಂಡೆ

ನಿಲುಗಡೆಯದು ಒಂದು ತಾಪತ್ರಯವಾದರೆ, ಪ್ರವೇಶದ ಫಲಕ ಅದಕ್ಕಿಂತ ದುಬಾರಿ. ನನ್ನ ಸ್ವಂತ ಪ್ರಕರಣವನ್ನೇ ಹೇಳುತ್ತೇನೆ. ಆಂಡಲೂಸಿಯಾದ ಒಂದು ಹಳೆಯ ನಗರದಲ್ಲಿ ನಮ್ಮ ಹೋಟೆಲು ಕೋಟೆಯ ಕೆಳಗಿನ ಇಕ್ಕಟ್ಟಾದ ಬೀದಿಯಲ್ಲಿತ್ತು. ದಾರಿ ತೋರಿಸುವ ಆ್ಯಪ್ ಹೇಳಿದಂತೆ ತಿರುಗಿದೆವು. ತಿರುವಿನಲ್ಲಿ ಕೆಂಪು ಅಂಚಿನ ಬಿಳಿ ವೃತ್ತವಿತ್ತು, ಅದರ ಕೆಳಗೆ 'ಎಕ್ಸೆಪ್ಟೊ ಔಟೊರಿಸಾಡೊಸ್' ಎಂದಿತ್ತು. ಗೇಟು ಇರಲಿಲ್ಲ, ಪೊಲೀಸರು ಇರಲಿಲ್ಲ, ನಮ್ಮ ಮುಂದೆ ಒಂದು ಟ್ಯಾಕ್ಸಿ ಹೋಯಿತು, ನಾವೂ ಹೋದೆವು. ಹೋಟೆಲು ಸಿಗದೆ ಒಂದು ಸುತ್ತು ಬಂದು ಮತ್ತೆ ಅದೇ ತಿರುವಿನಲ್ಲಿ ಒಳಹೊಕ್ಕೆವು. ಊರಿಗೆ ಮರಳಿ ಎರಡು ತಿಂಗಳಾದ ಮೇಲೆ ಬಾಡಿಗೆ ಕಂಪನಿಯಿಂದ ಎರಡು ನೋಟಿಸುಗಳು ಬಂದವು, ಒಂದೊಂದು ಪ್ರವೇಶಕ್ಕೆ ಒಂದೊಂದು. ಜೊತೆಗೆ ನಮ್ಮ ವಿವರವನ್ನು ನಗರಸಭೆಗೆ ಒದಗಿಸಿದ್ದಕ್ಕಾಗಿ ಕಂಪನಿಯ ಶುಲ್ಕವನ್ನು ಎರಡು ಸಲ ಮುರಿದುಕೊಂಡಿದ್ದರು. ಬೇಗ ಕಟ್ಟಿದರೆ ಅರ್ಧ ಎಂಬ ಸೌಲಭ್ಯದ ಅವಧಿ ಆಗಲೇ ಮುಗಿದಿತ್ತು.

ವೆಲೆನ್ಸಿಯಾ ಕನ್ನಡಿಗ

ಹೊಳೆದಂಡೆಯವರ ಅನುಭವ ಇಲ್ಲಿ ಬಹಳ ಸಾಮಾನ್ಯವಾದದ್ದು. 'ಎಕ್ಸೆಪ್ಟೊ ಔಟೊರಿಸಾಡೊಸ್' ಎಂದರೆ ಅನುಮತಿ ಪಡೆದವರ ಹೊರತು ಎಂದು. ಕೆಲವು ಕಡೆ 'ಸೊಲೊ ರೆಸಿಡೆಂಟೆಸ್', ಅಂದರೆ ನಿವಾಸಿಗಳಿಗೆ ಮಾತ್ರ ಎಂದಿರುತ್ತದೆ. 'ಆಕ್ಸೆಸೊ ರೆಸ್ಟ್ರಿಂಗಿಡೊ' ಎಂದರೆ ನಿರ್ಬಂಧಿತ ಪ್ರವೇಶ. ಇಲ್ಲೆಲ್ಲ ಕಾವಲುಗಾರ ಎಂದರೆ ಕ್ಯಾಮೆರಾ. ಅದು ನಂಬರು ಪ್ಲೇಟನ್ನು ಓದಿ, ಅನುಮತಿಯ ಪಟ್ಟಿಯಲ್ಲಿ ಇದೆಯೇ ಎಂದು ನೋಡುತ್ತದೆ. ನಿಮ್ಮ ಮುಂದೆ ಹೋದ ಟ್ಯಾಕ್ಸಿಗೆ ಅನುಮತಿ ಇದ್ದಿರುತ್ತದೆ.

ದೂರದಾರಿಯವರು ಗ್ರನಾಡಾಕ್ಕೆ ಹೋಗುತ್ತಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಅಲ್ಲಿನ ನಗರ ಮಧ್ಯದ ಮತ್ತು ಹಳೆಯ ಅಲ್ಬೈಸಿನ್ ಬಡಾವಣೆಯ ಹಲವು ಬೀದಿಗಳು ಇಂತಹ ನಿರ್ಬಂಧದಲ್ಲಿವೆ. ನಿಮ್ಮ ವಸತಿ ಆ ಪ್ರದೇಶದ ಒಳಗಿದ್ದರೆ ಹೋಟೆಲಿನವರು ನಿಮ್ಮ ಕಾರಿನ ಸಂಖ್ಯೆಯನ್ನು ನಗರಸಭೆಯ ಪಟ್ಟಿಗೆ ಸೇರಿಸಬಲ್ಲರು. ಬಾಡಿಗೆ ಕಾರಿನ ಸಂಖ್ಯೆ ಕೀಲಿ ಕೈಗೆ ಬಂದ ಮೇಲಷ್ಟೇ ನಿಮಗೆ ತಿಳಿಯುವುದರಿಂದ, ಮಾಲಗಾ ವಿಮಾನ ನಿಲ್ದಾಣದಿಂದ ಹೊರಡುವ ಮುನ್ನವೇ ಹೋಟೆಲಿಗೆ ಸಂಖ್ಯೆ ಕಳುಹಿಸಿ, ಸೇರಿಸಿದ್ದೇವೆ ಎಂಬ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಯಾವ ಬೀದಿಯಿಂದ ಒಳಗೆ ಬರಬೇಕು ಎಂದೂ ಕೇಳಿ, ಏಕೆಂದರೆ ಅನುಮತಿ ಇದ್ದರೂ ಬಸ್ಸಿಗೆಂದೇ ಇಟ್ಟ ಪಥದಲ್ಲಿ ಬಂದರೆ ಅದು ಬೇರೆಯೇ ತಪ್ಪಾಗುತ್ತದೆ.

ಅರ್ಧ ದಂಡದ ಸೌಲಭ್ಯ ನೋಟಿಸು ತಲುಪಿದ 20 ದಿನಗಳವರೆಗೆ ಇರುತ್ತದೆ. ನಡುವೆ ಬಾಡಿಗೆ ಕಂಪನಿ ಇದ್ದಾಗ ಕಾಗದ ನಿಮ್ಮ ಕೈ ಸೇರುವುದೇ ತಡವಾಗುತ್ತದೆ. ಆ 20 ದಿನಗಳನ್ನು ನಿಮ್ಮ ಪ್ರಕರಣದಲ್ಲಿ ಯಾವ ದಿನದಿಂದ ಎಣಿಸಬೇಕಿತ್ತು ಎಂಬುದನ್ನು ನೋಟಿಸು ನೋಡದೆ ಹೇಳಲಾರೆ.

ಹೊಳೆದಂಡೆ

ಎಣಿಸಿ ಏನು ಮಾಡುವುದು, ಹಣ ಕಟ್ಟಿಯಾಗಿದೆ. ಎರಡನೆಯ ಸುತ್ತಿನದೇ ಹೊಟ್ಟೆ ಉರಿ.

ಪದಸಂಚಿ

ಭಾಷೆಯ ಕುತೂಹಲದಿಂದ ಒಂದು ಪ್ರಶ್ನೆ. ನನ್ನ ಮಗಳು ಬಾರ್ಸಿಲೋನಾದಿಂದ ಕಳುಹಿಸಿದ ಚಿತ್ರಗಳಲ್ಲಿ ಹೆದ್ದಾರಿಯ ನಿರ್ಗಮನಕ್ಕೆ 'ಸೊರ್ಟಿಡಾ' ಎಂದಿತ್ತು. ನಾನು ಪುಸ್ತಕದಲ್ಲಿ ಕಲಿತದ್ದು 'ಸಲಿಡಾ'. ಇವುಗಳಲ್ಲಿ ಯಾವುದು ಸರಿ?

ವೆಲೆನ್ಸಿಯಾ ಕನ್ನಡಿಗ

ಎರಡೂ ಸರಿ. ಸೊರ್ಟಿಡಾ ಎಂಬುದು ಕೆಟಲಾನ್ ಭಾಷೆಯದು. ನಮ್ಮ ವೆಲೆನ್ಸಿಯಾದಲ್ಲಿ 'ಐಶಿಡಾ' ಎಂದೂ, ಬಾಸ್ಕ್ ನಾಡಿನಲ್ಲಿ 'ಇರ್ಟೇರಾ' ಎಂದೂ ಕಾಣುತ್ತದೆ. ದೂರದಾರಿಯವರ ಮಾರ್ಗ ಪೂರ್ತಿ ಆಂಡಲೂಸಿಯಾದಲ್ಲಿ ಇರುವುದರಿಂದ ಅವರಿಗೆ ಸಲಿಡಾ ಒಂದೇ ಸಾಕು. ಅದರ ಪಕ್ಕದ ಸಂಖ್ಯೆ ನಿರ್ಗಮನಗಳ ಕ್ರಮಸಂಖ್ಯೆಯಲ್ಲ, ಆ ಹೆದ್ದಾರಿಯ ಕಿಲೋಮೀಟರ್ ಸಂಖ್ಯೆ. ಹಾಗಾಗಿ ಸಲಿಡಾ 208 ಆದ ಮೇಲೆ 209 ಬರದೆ 215 ಬಂದರೆ ಏನೋ ತಪ್ಪಿತು ಎಂದು ಗಾಬರಿಯಾಗಬೇಕಿಲ್ಲ. ನೀವು ಏಳು ಕಿಲೋಮೀಟರ್ ಮುಂದೆ ಬಂದಿದ್ದೀರಿ, ಅಷ್ಟೇ.

ಹೆದ್ದಾರಿಯಲ್ಲಿ ನಿರ್ಗಮನ ತಪ್ಪಿಹೋದವರನ್ನು ಕಾಪಾಡುವ ಇನ್ನೊಂದು ಬರಹ 'ಕಾಂಬಿಯೊ ಡೆ ಸೆಂಟಿಡೊ'. ಇದು ಎಷ್ಟೋ ಕಡೆ ಕಾಣುವುದರಿಂದ, ಬಹಳ ದೊಡ್ಡ ಊರೊಂದರ ಹೆಸರಿರಬೇಕು ಎಂದು ನಾನೂ ಮೊದಲ ವಾರ ನಂಬಿದ್ದೆ. ಅದರ ಅರ್ಥ ದಿಕ್ಕು ಬದಲಾವಣೆ. ಬಲಕ್ಕೆ ಇಳಿದು, ಸೇತುವೆ ಹತ್ತಿಯೋ ಕೆಳಗೆ ನುಸುಳಿಯೋ, ಎದುರು ದಿಕ್ಕಿನ ರಸ್ತೆಗೆ ಸೇರಬಹುದು ಎಂಬ ಸೂಚನೆ ಅದು. ಗ್ರನಾಡಾ ಮತ್ತು ಸೆವಿಲ್ಲೆ ನಡುವಿನ ಎ-92 ಹೆದ್ದಾರಿಯಲ್ಲಿ ನಿಮಗೆ ಬೇಕಾದ ನಿರ್ಗಮನ ತಪ್ಪಿದರೆ, ಹಿಂದಕ್ಕೆ ಚಲಿಸುವ ಯೋಚನೆಯನ್ನೇ ಮಾಡದೆ, ಈ ಬರಹ ಬರುವವರೆಗೆ ಸುಮ್ಮನೆ ಮುಂದೆ ಹೋಗಿ.

ದೂರದಾರಿ

ಬಹಳ ಉಪಯುಕ್ತವಾಯಿತು. ಹೆದ್ದಾರಿಯ ವಿಷಯ ಬಂದದ್ದರಿಂದ ಕೇಳುತ್ತೇನೆ: ಮಾಲಗಾದಿಂದ ಹೊರಡುವಾಗ ನಕ್ಷೆಯಲ್ಲಿ ಎ-45 ಮತ್ತು ಎಪಿ-46 ಎಂಬ ಎರಡು ದಾರಿಗಳು ಅಕ್ಕಪಕ್ಕದಲ್ಲಿ ಕಾಣುತ್ತವೆ. ಯಾವುದನ್ನು ಹಿಡಿಯಬೇಕು?

ವೆಲೆನ್ಸಿಯಾ ಕನ್ನಡಿಗ

ಎರಡೂ ಪೆಡ್ರಿಸಾಸ್ ಘಾಟಿಯ ಬಳಿ ಒಂದಾಗುತ್ತವೆ. ಎಪಿ-46 ಸುಂಕದ ರಸ್ತೆ, ಎ-45 ಉಚಿತ. ಫಲಕದಲ್ಲಿ 'ಪಿ ಇ ಎ ಜೆ ಇ' ಎಂಬ ಐದು ಅಕ್ಷರಗಳಿದ್ದರೆ ಮುಂದೆ ಸುಂಕ ಎಂದರ್ಥ, ಉಚ್ಚಾರ 'ಪೆಆಹೆ'. ಸುಂಕದ ಕಟ್ಟೆಯಲ್ಲಿ ಬರಿಯ 'ಟಿ' ಅಕ್ಷರ ಇರುವ ಪಥ ನಮ್ಮ ಫಾಸ್ಟ್ಯಾಗಿನಂತಹ ಸಾಧನ ಇದ್ದವರಿಗೆ, ಅಲ್ಲಿ ಹೋಗಬೇಡಿ. ಆದರೆ 'ಎಪಿ' ಎಂದ ಕೂಡಲೇ ಸುಂಕ ಇದ್ದೇ ಇರುತ್ತದೆ ಎಂದಲ್ಲ. ಸೆವಿಲ್ಲೆಯಿಂದ ಕಾಡಿಸ್ ಕಡೆಗಿನ ಎಪಿ-4ರ ಸುಂಕ 2020ರ ಆರಂಭದಿಂದ ಇಲ್ಲ, ಹೆಸರು ಮಾತ್ರ ಹಾಗೆಯೇ ಉಳಿದಿದೆ.

ಆಜ್ಞೆಯ ಪದವೇ ಇಲ್ಲದೆ ಆಜ್ಞೆ ಮಾಡುವ ಫಲಕವೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮವರು ಅದನ್ನು ಓದಿಯೂ ಓದುವುದಿಲ್ಲ. ಹೆದ್ದಾರಿ ಬಿಟ್ಟು ಸಾಮಾನ್ಯ ರಸ್ತೆಗೆ ಇಳಿದರೆ ಗರಿಷ್ಠ ವೇಗ 90. ಊರು ಬಂದಾಗ ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರಗಳಲ್ಲಿ ಊರಿನ ಹೆಸರು ಇರುತ್ತದೆ. ನಮಗದು ಸ್ವಾಗತದ ಹಲಗೆಯಂತೆ ಕಾಣುತ್ತದೆ, ಆದರೆ ಕಾನೂನಿನ ಪ್ರಕಾರ ಅಲ್ಲಿಂದ ಊರಿನ ವೇಗಮಿತಿ ಆರಂಭವಾಗುತ್ತದೆ, ಬೇರೆ ಸಂಖ್ಯೆಯ ಫಲಕ ಇರಲೇಬೇಕೆಂದಿಲ್ಲ. ಆ ಮಿತಿ ಹಿಂದೆ 50 ಇತ್ತು. 2021ರ ಮೇ ತಿಂಗಳಿನಿಂದ, ಪ್ರತಿ ದಿಕ್ಕಿಗೆ ಒಂದೇ ಪಥ ಇರುವ ಬೀದಿಗಳಲ್ಲಿ ಸಾಮಾನ್ಯವಾಗಿ 30. ಅದೇ ಹೆಸರಿನ ಮೇಲೆ ಕೆಂಪು ಓರೆ ಗೆರೆ ಕಂಡಾಗ ಊರು ಮುಗಿಯಿತು ಎಂದರ್ಥ.

ಕರಿಮೆಣಸು

ಇದು ನನಗೆ ಖಂಡಿತ ಗೊತ್ತಿರಲಿಲ್ಲ. ಕ್ಯಾಮೆರಾ ಇರಲಿಲ್ಲ ಎಂದು ಕಾಣುತ್ತದೆ.

ಹೊಳೆದಂಡೆ

ಎರಡು ತಿಂಗಳು ಕಾದು ನೋಡಿ.

ಟೆಕ್ಸಾಸ್ ತಮ್ಮಯ್ಯ

ಪೆಟ್ರೋಲ್ ಬಂಕಿನ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ 'ಗ್ಯಾಸ್' ಎಂದು ಶುರುವಾಗುವುದೆಲ್ಲ ಪೆಟ್ರೋಲೇ ತಾನೆ? ಇಲ್ಲಿ ನಾವು ಹಾಗೆಯೇ ಹೇಳುವುದು.

ವೆಲೆನ್ಸಿಯಾ ಕನ್ನಡಿಗ

ಅಲ್ಲವೇ ಅಲ್ಲ, ತಮ್ಮಯ್ಯನವರೇ, ಒಳ್ಳೆಯದಾಯಿತು ಕೇಳಿದ್ದು. 'ಗ್ಯಾಸೊಲಿನಾ' ಪೆಟ್ರೋಲ್, 'ಗ್ಯಾಸೊಲಿಯೊ' ಡೀಸೆಲ್. ಅವಸರದಲ್ಲಿ ಎರಡೂ ಒಂದೇ ಎನಿಸುತ್ತವೆ. ಪಂಪಿನ ಮೇಲೂ ಹೊಸ ಕಾರುಗಳ ಇಂಧನ ಮುಚ್ಚಳದ ಒಳಬದಿಯಲ್ಲೂ ಒಂದೇ ಗುರುತು ಇರುತ್ತದೆ: ಪೆಟ್ರೋಲಿಗೆ ವೃತ್ತದೊಳಗೆ ಇ5 ಅಥವಾ ಇ10, ಡೀಸೆಲಿಗೆ ಚೌಕದೊಳಗೆ ಬಿ7. ವೃತ್ತಕ್ಕೆ ವೃತ್ತ, ಚೌಕಕ್ಕೆ ಚೌಕ ಹೊಂದಿಸಿ ನೋಡಿದರೆ ಓದುವ ಅಗತ್ಯವೇ ಇಲ್ಲ. 'ಪ್ರೆಪಾಗೊ' ಎಂದಿದ್ದರೆ ಮೊದಲು ಒಳಗೆ ಹೋಗಿ ಹಣ ಕೊಟ್ಟ ಮೇಲಷ್ಟೇ ಪಂಪು ಚಾಲೂ ಆಗುತ್ತದೆ.

ದೂರದಾರಿ

ಕೊನೆಯದಾಗಿ, ನಾನು ಕಲಿತದ್ದು ಸರಿಯೇ ಎಂದು ಪರೀಕ್ಷಿಸಿಕೊಳ್ಳಲು ಎರಡು ಫಲಕಗಳು. ಕೊರ್ಡೋಬಾದ ಹೊರವಲಯದಲ್ಲಿ ನಾವು ಸೋಮವಾರ ರಾತ್ರಿ ತಂಗುವ ಮನೆಯ ಎದುರಿನ ಗೋಡೆಯ ಬಾಗಿಲಿನ ಮೇಲೆ, ನಿಲುಗಡೆ ನಿಷೇಧದ ಸಣ್ಣ ವೃತ್ತ, 'ವಾಡೊ ಪೆರ್ಮನೆಂಟೆ' ಎಂಬ ಬರಹ ಮತ್ತು ಒಂದು ಸಂಖ್ಯೆ ಇದೆ. ಅದು ಮನೆಯ ನಂಬರು ಇರಬೇಕು ಎಂದುಕೊಂಡೆ. ಬೀದಿಯ ತುದಿಯಲ್ಲಿ ನೀಲಿ ಚೌಕದ 'ಪಿ' ಇದ್ದು, ಕೆಳಗೆ 'ಎಕ್ಸೆಪ್ಟೊ ಮಾರ್ಟೆಸ್ 6 ಎ 15, ಮೆರ್ಕಾಡಿಯೊ' ಎಂದಿದೆ. ಮಾರ್ಟೆಸ್ ಮಂಗಳವಾರ ಎಂದು ನಿಘಂಟಿನಲ್ಲಿ ನೋಡಿದೆ. ಮೇಲಿನದು ಅನುಮತಿ, ಆದ್ದರಿಂದ ಎಕ್ಸೆಪ್ಟೊ ಇಲ್ಲಿ ಬಾಗಿಲು ಹಾಕುತ್ತದೆ. ಹಾಗಾಗಿ ಮಂಗಳವಾರ ಬೆಳಗಿನ ಆರರಿಂದ ನಿಲ್ಲಿಸುವಂತಿಲ್ಲ ಎಂದು ನನ್ನ ಲೆಕ್ಕ.

ವೆಲೆನ್ಸಿಯಾ ಕನ್ನಡಿಗ

ಎರಡನೆಯದನ್ನು ತಪ್ಪಿಲ್ಲದೆ ಓದಿದ್ದೀರಿ. ಮೆರ್ಕಾಡಿಯೊ ಎಂದರೆ ವಾರದ ಸಂತೆ. ಬೆಳಿಗ್ಗೆ ಆರಕ್ಕೆ ವ್ಯಾಪಾರಿಗಳು ಡೇರೆ ಹೂಡಲು ಬರುವ ಮೊದಲೇ ಉಳಿದ ಕಾರುಗಳನ್ನು ಎಳೆದೊಯ್ಯುತ್ತಾರೆ. ಸೋಮವಾರ ರಾತ್ರಿ ಬೀದಿ ಪೂರ್ತಿ ಖಾಲಿಯಾಗಿ, ಜಾಗ ಸುಲಭವಾಗಿ ಸಿಕ್ಕಿತಲ್ಲ ಎಂದು ನಿಮಗೆ ಸಂತೋಷವಾದರೆ, ಅದನ್ನೇ ಎಚ್ಚರಿಕೆ ಎಂದು ತಿಳಿಯಿರಿ: ಸ್ಥಳೀಯರು ಆಗಲೇ ತಮ್ಮ ಕಾರು ತೆಗೆದಿರುತ್ತಾರೆ.

ಮೊದಲನೆಯದು ಮನೆಯ ನಂಬರಲ್ಲ. ವಾಡೊ ಎಂದರೆ ವಾಹನ ಒಳಗೆ ಹೋಗಲು ಪಾದಚಾರಿ ಮಾರ್ಗವನ್ನು ತಗ್ಗಿಸಿದ ಜಾಗ. ಪೆರ್ಮನೆಂಟೆ ಎಂದರೆ ದಿನದ 24 ಗಂಟೆಯೂ ಅನ್ವಯ. ಆ ಸಂಖ್ಯೆ ಮಾಲೀಕರು ನಗರಸಭೆಗೆ ಶುಲ್ಕ ಕಟ್ಟಿ ಪಡೆದ ಪರವಾನಗಿಯದು. ಬಾಗಿಲು ತುಕ್ಕು ಹಿಡಿದು ಹತ್ತು ವರ್ಷಗಳಿಂದ ತೆರೆದಿಲ್ಲದಂತೆ ಕಂಡರೂ ಅದರ ಮುಂದೆ ಕಾರು ನಿಲ್ಲಿಸಬೇಡಿ, ಅವರು ಒಂದು ಕರೆ ಮಾಡಿದರೆ ಎಳೆಯುವ ಲಾರಿ ಬರುತ್ತದೆ. ಕಾರು ಕಾಣದಿದ್ದರೆ ಕಳವಾಯಿತು ಎಂದು ಹೆದರುವ ಮೊದಲು ನೆಲದ ಮೇಲೆ ನೋಡಿ. ಹಲವು ನಗರಗಳಲ್ಲಿ ಕಾರನ್ನು ಒಯ್ದ ಜಾಗದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ.

ದೂರದಾರಿ

ಧನ್ಯವಾದಗಳು. ಒಂದು ಸಂದೇಹ ಉಳಿಯಿತು. ನಾವು ಇರುವ ಆ ಮಂಗಳವಾರ ಅಲ್ಲಿ ಸ್ಥಳೀಯ ರಜೆ ಎಂದು ಮನೆಯವರು ಬರೆದಿದ್ದಾರೆ. ರಜೆಯ ದಿನವೂ ಸಂತೆ ನಡೆಯುತ್ತದೆಯೇ?

ವೆಲೆನ್ಸಿಯಾ ಕನ್ನಡಿಗ

ಪ್ರತಿ ಊರಿಗೂ ವರ್ಷಕ್ಕೆ ಎರಡು ಸ್ಥಳೀಯ ರಜೆಗಳಿರುತ್ತವೆ, ಆ ದಿನ ಸಂತೆಯನ್ನು ನಿಲ್ಲಿಸುವ ಊರೂ ಇದೆ, ಹಿಂದಿನ ದಿನಕ್ಕೆ ಸರಿಸುವ ಊರೂ ಇದೆ. ಫಲಕದಲ್ಲಿ ಫೆಸ್ಟಿವೊಸ್ ಎಂಬ ಪದ ಇಲ್ಲದಿರುವುದರಿಂದ ಫಲಕ ಹೇಳುವುದು ಮಂಗಳವಾರ ಎಂದಷ್ಟೇ. ಹಿಂದಿನ ದಿನಕ್ಕೆ ಸರಿಸಿದ್ದರೆ ಕಂಬಗಳಿಗೆ ತಾತ್ಕಾಲಿಕ ಕಾಗದದ ನೋಟಿಸು ಅಂಟಿಸಿರುತ್ತಾರೆ. ಸೋಮವಾರ ತಲುಪಿದ ಕೂಡಲೇ ಅದನ್ನು ಹುಡುಕಿ, ಮನೆಯವರನ್ನೂ ಕೇಳಿ.

ಕರಿಮೆಣಸು

ನನ್ನ ಅಭಿಪ್ರಾಯದಲ್ಲಿ ರಜೆ ಎಂದರೆ ರಜೆ, ನಿಲ್ಲಿಸಬಹುದು.

ಹೊಳೆದಂಡೆ

ದೂರದಾರಿಯವರೇ, ದಯವಿಟ್ಟು ಬೇರೆ ಬೀದಿ ನೋಡಿ.